ಏಳು ದಿನ ಎಂದರೆ ಯಾವ ದಿನದಿಂದ?

ಜಿಎಸ್‌ಟಿ ಲೆಕ್ಕ ಬರೆಯುವುದನ್ನು ಕನ್ನಡದಲ್ಲೇ ಹೇಳಿಕೊಡುವ ಆನ್‌ಲೈನ್ ಕೋರ್ಸೊಂದರ ಪ್ರಕಟಣೆ ನಿಮ್ಮ ಮೊಬೈಲಿಗೆ ಬಂದಿದೆ ಎಂದುಕೊಳ್ಳಿ. ಹದಿನೈದು ವರ್ಷದಿಂದ ಊರಿನ ಅಂಗಡಿಗಳ ಲೆಕ್ಕ ನೋಡುತ್ತಿರುವ ತೆರಿಗೆ ಸಲಹೆಗಾರರೊಬ್ಬರು ಅದನ್ನು ಹಾಕಿದ್ದಾರೆ. ಜೂನ್ 6ರ ಶನಿವಾರದಿಂದ ಎಂಟು ವಾರ, ಶನಿವಾರ ಮತ್ತು ಭಾನುವಾರ ಸಂಜೆ ಏಳರಿಂದ ಎಂಟೂವರೆ. ಶುಲ್ಕ 6,000 ರೂಪಾಯಿ, ಮೇ 20ರೊಳಗೆ ಸೇರಿದರೆ ‘ಅರ್ಲಿ ಬರ್ಡ್’ ದರ 4,500. ಅದರ ಕೆಳಗೆ ಪಠ್ಯಕ್ರಮದ ಎಂಟು ಸಾಲು. ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ, ‘ಹಣ ಕಟ್ಟಿದ ಏಳು ದಿನದೊಳಗೆ ಕೇಳಿದರೆ ಪೂರ್ತಿ ವಾಪಸ್’.

ಓದಿದರೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಈಗ ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು ಮತ್ತೊಮ್ಮೆ ಓದಿ. ಮೇ 18ಕ್ಕೆ ಹಣ ಕಟ್ಟಿದವರಿಗೆ ಏಳು ದಿನದ ಗಡುವು ಮೇ 25ಕ್ಕೆ ಮುಗಿಯುತ್ತದೆ. ಮೊದಲ ಪಾಠ ನಡೆಯುವುದು ಜೂನ್ 6ಕ್ಕೆ. ಮೇಷ್ಟ್ರ ದನಿ ಕೇಳುವ ಹನ್ನೆರಡು ದಿನ ಮೊದಲೇ ಹಣ ವಾಪಸ್ ಕೇಳುವ ಅವಕಾಶ ಹೋಗಿರುತ್ತದೆ. ಜೂನ್ 5ಕ್ಕೆ ಪೂರ್ತಿ 6,000 ಕೊಟ್ಟು ಸೇರಿದವರಿಗಾದರೋ ಜೂನ್ 12ರವರೆಗೆ ಸಮಯವಿದೆ, ಎರಡು ಪಾಠ ಕೇಳಿಯೇ ಅವರು ತೀರ್ಮಾನಿಸಬಹುದು. ಮೊದಲು ನಂಬಿ ಹಣ ಕಟ್ಟಿದವರಿಗೇ ರಕ್ಷಣೆ ಕಡಿಮೆ. ಹಾಗಾಗಿ ಇಂಥ ಪ್ರಕಟಣೆಯಲ್ಲಿ ರಿಯಾಯಿತಿ, ಪಠ್ಯಕ್ರಮ, ವಾಪಸಾತಿ ಈ ಮೂರನ್ನೂ ಬಿಡಿಬಿಡಿಯಾಗಿ ಓದದೆ ಒಂದರ ಪಕ್ಕ ಒಂದಿಟ್ಟು ಓದಬೇಕು.

ಮೊದಲು ದರದ ವಿಚಾರ. ಬೇಗ ಸೇರಿದವರಿಗೆ ಕಡಿಮೆ ಶುಲ್ಕ ಎನ್ನುವುದು ಮೋಸವಲ್ಲ. ಒಬ್ಬರೇ ಕೂತು ಕೋರ್ಸ್ ನಡೆಸುವವರಿಗೆ ಎಷ್ಟು ಜನ ಬರುತ್ತಾರೆ ಎನ್ನುವುದು ಮುಂಚೆಯೇ ಗೊತ್ತಾಗಬೇಕು. ಎಂಟು ಜನ ಬಂದರೆ ತರಗತಿ ನಡೆಸುವುದೋ ಬಿಡುವುದೋ, ಮೂವತ್ತು ಜನ ಬಂದರೆ ಅಭ್ಯಾಸ ತಿದ್ದಲು ಇನ್ನೊಬ್ಬರನ್ನು ಇಟ್ಟುಕೊಳ್ಳುವುದೋ ಎಂಬುದು ಅದರ ಮೇಲೆ ನಿಂತಿದೆ. ಆ ಅಂದಾಜು ಹದಿನೇಳು ದಿನ ಮೊದಲೇ ಸಿಗಲಿ ಎಂದು ಅವರು 1,500 ರೂಪಾಯಿ ಬಿಟ್ಟುಕೊಡುತ್ತಾರೆ. ಮೇ 21ಕ್ಕೆ ದರ ನಿಜವಾಗಿ ಏರಿದರೆ ಅದು ನ್ಯಾಯವಾದ ರಿಯಾಯಿತಿ. ‘ಕೊನೆಯ ದಿನ’ ಪ್ರತಿ ವಾರ ಮುಂದಕ್ಕೆ ಹೋಗುತ್ತಿದ್ದರೆ, ‘ಇನ್ನು ಮೂರೇ ಸೀಟು’ ಎಂಬ ಸಾಲು ಹತ್ತು ದಿನವಾದರೂ ಹಾಗೇ ಇದ್ದರೆ ಅದು ಬೇರೆ ಮಾತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಇಂಥ ಸುಳ್ಳು ಅವಸರ ಅವುಗಳಲ್ಲಿ ಒಂದು. ಒಂದು ದರ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಬೇರೆ ಬೇರೆ ಶುಲ್ಕ ಸೇರಿಸುತ್ತ ಹೋಗುವುದು ಇನ್ನೊಂದು.

ನಮ್ಮ ಉದಾಹರಣೆಯ 4,500ರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿದರೆ 5,310 ಆಗುತ್ತದೆ. ಆ ಮೊತ್ತ ಪ್ರಕಟಣೆಯಲ್ಲೇ ಇರಬೇಕು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ಆದ್ದರಿಂದ ತೆರಿಗೆ ಕೇಳಿದವರ ರಸೀದಿಯಲ್ಲಿ 15 ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ.

ಇನ್ನು ಪಠ್ಯಕ್ರಮ. ‘ಜಿಎಸ್‌ಟಿಯ ಸಂಪೂರ್ಣ ಪರಿಚಯ’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ‘ನಾಲ್ಕನೇ ವಾರ: ಅಂಗಡಿಯ ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಹೊಂದದ ಬಿಲ್ಲುಗಳನ್ನು ಪಟ್ಟಿ ಮಾಡುವುದು’ ಎಂದು ಬರೆದಿದ್ದರೆ, ಆ ಕೆಲಸ ಕೈಯಾರೆ ಮಾಡಿದವರೇ ಬರೆದಿದ್ದಾರೆ ಎಂದು ಗೊತ್ತಾಗುತ್ತದೆ. ಮಾರಿದವರು ತಮ್ಮ ಲೆಕ್ಕದಲ್ಲಿ ತೋರಿಸಿದ ಬಿಲ್ಲುಗಳು ಕೊಂಡವರಿಗೆ ಕಾಣುವ ಪಟ್ಟಿಯೇ ಈ 2ಬಿ. ಇದರಲ್ಲಿ ಬಾರದ ಬಿಲ್ಲಿನ ತೆರಿಗೆಯನ್ನು ಅಂಗಡಿಯವರು ಕಳೆದುಕೊಳ್ಳುವಂತಿಲ್ಲ. ಹಾಗಾಗಿ ಲೆಕ್ಕ ಬರೆಯುವವರ ತಿಂಗಳ ತಲೆನೋವೆಲ್ಲ ಇಲ್ಲೇ ಇರುತ್ತದೆ. ಒಂದು ವಾರದ ಪಾಠ ಮುಗಿದಾಗ ಕಲಿತವರು ಯಾವ ಕೆಲಸ ಮಾಡಬಲ್ಲರು ಎಂಬುದನ್ನು ಹೇಳುವ ಸಾಲೇ ಪಠ್ಯಕ್ರಮದ ಸಾಲು. ಜೊತೆಗೆ ಇನ್ನೆರಡು ವಿಷಯ ಇರಬೇಕು. ಸೇರುವವರಿಗೆ ಮೊದಲೇ ಏನು ಗೊತ್ತಿರಬೇಕು ಎಂಬುದು ಒಂದು, ಯಾವುದನ್ನು ಹೇಳಿಕೊಡುವುದಿಲ್ಲ ಎಂಬುದು ಇನ್ನೊಂದು. ‘ರಫ್ತಿನ ಲೆಕ್ಕ ಈ ಕೋರ್ಸಿನಲ್ಲಿಲ್ಲ’ ಎಂದು ಬರೆದವರನ್ನು ಹೆಚ್ಚು ನಂಬಬಹುದು.

ಈ ಪಠ್ಯಕ್ರಮವನ್ನೂ ಕ್ಯಾಲೆಂಡರಿನ ಜೊತೆ ಹೊಂದಿಸಿ ನೋಡಬೇಕು. ಮೊದಲ ಎರಡು ತರಗತಿಯಲ್ಲಿ ಬರೀ ಪರಿಚಯ, ತೆರಿಗೆಯ ಇತಿಹಾಸ ಎಂದಿದ್ದರೆ, ವಾಪಸಾತಿ ಗಡುವಿನೊಳಗೆ ಮೇಷ್ಟ್ರು ನಿಜವಾದ ಕೆಲಸ ಹೇಗೆ ಹೇಳಿಕೊಡುತ್ತಾರೆ ಎಂದು ತಿಳಿಯುವುದೇ ಇಲ್ಲ. ಎರಡನೇ ತರಗತಿಯಲ್ಲೇ ಒಂದು ಕಿರಾಣಿ ಅಂಗಡಿಯ ಹತ್ತು ಬಿಲ್ಲು ಕೊಟ್ಟು ದಾಖಲಿಸಲು ಹೇಳಿದರೆ ತಿಳಿಯುತ್ತದೆ.

ಕೊನೆಯದು ವಾಪಸಾತಿ. ಆನ್‌ಲೈನಲ್ಲಿ ಕೊಂಡದ್ದನ್ನು ಕಾರಣ ಹೇಳದೆಯೇ 14 ದಿನದೊಳಗೆ ಬಿಟ್ಟುಬಿಡುವ ಹಕ್ಕು ಯುರೋಪಿಯನ್ ಒಕ್ಕೂಟದ ಗ್ರಾಹಕರಿಗೆ, ಕೆಲವು ವಿನಾಯಿತಿಗಳೊಂದಿಗೆ, ಕಾನೂನಿನಲ್ಲೇ ಇದೆ. ನಮ್ಮಲ್ಲಿ ಅಂಥ ಸಾಮಾನ್ಯ ಹಕ್ಕಿಲ್ಲ. ಮನಸ್ಸು ಬದಲಾಯಿಸಿದವರಿಗೆ ಪ್ರಕಟಣೆಯಲ್ಲಿ ಬರೆದ ಷರತ್ತೇ ಆಧಾರ, ಆದ್ದರಿಂದ ಅದರ ಒಂದೊಂದು ಪದಕ್ಕೂ ಬೆಲೆಯಿದೆ. ಪಾಠದಲ್ಲೇ ಕೊರತೆಯಿದ್ದರೆ ಮಾತ್ರ ಲೆಕ್ಕ ಬೇರೆ. ಹದಿನಾರು ತರಗತಿ ಎಂದು ಹೇಳಿ ಹತ್ತಕ್ಕೇ ಮುಗಿಸಿದರೆ ‘ಯಾವ ಕಾರಣಕ್ಕೂ ಹಣ ವಾಪಸಿಲ್ಲ’ ಎಂಬ ಸಾಲು ಅವರನ್ನು ಕಾಪಾಡುವುದಿಲ್ಲ. ಕೊರತೆಯಿರುವ ಸೇವೆಯ ಹಣವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂದಿರುಗಿಸಲು ಒಪ್ಪದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ದೂರಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

‘ಪೂರ್ತಿ ವಾಪಸ್’ ಎಂದರೆ ಎಷ್ಟು ಎಂಬುದನ್ನೂ ಕೇಳಬೇಕು. ಪೇಮೆಂಟ್ ಗೇಟ್‌ವೇ ಕಂಪನಿ ಶೇಕಡಾ 2ರಂತೆ ಮುರಿದುಕೊಂಡರೆ 5,310ಕ್ಕೆ, ಅದರ ಮೇಲಿನ ತೆರಿಗೆಯೂ ಸೇರಿ, ಸುಮಾರು 125 ರೂಪಾಯಿ ಹೋಗುತ್ತದೆ. ಹಣ ಹಿಂದಿರುಗಿಸಿದಾಗ ಆ 125 ಸಾಮಾನ್ಯವಾಗಿ ಕೋರ್ಸ್ ನಡೆಸುವವರಿಗೆ ಸಿಗುವುದಿಲ್ಲ. ಅದನ್ನು ಕಳೆದು 5,185 ಕೊಡುತ್ತೇವೆ ಎಂದು ಮೊದಲೇ ಬರೆದಿದ್ದರೆ ತಕರಾರು ಮಾಡಬೇಕಿಲ್ಲ. ಜಿಎಸ್‌ಟಿಯ 810 ರೂಪಾಯಿ ಕೊಡುವುದಿಲ್ಲ ಎನ್ನುವುದು ಹಾಗಲ್ಲ. ಪಾಠ ಶುರುವಾಗುವ ಮೊದಲು ಮುಂಗಡ ಹಿಂದಿರುಗಿಸಿದರೆ ರಿಫಂಡ್ ವೋಚರ್, ಆಮೇಲೆ ಕೊರತೆಯ ಕಾರಣಕ್ಕೆ ಹಿಂದಿರುಗಿಸಿದರೆ ಕ್ರೆಡಿಟ್ ನೋಟ್, ಹೀಗೆ ಆ ತೆರಿಗೆಯನ್ನು ಸರಿಪಡಿಸಿಕೊಳ್ಳುವ ದಾರಿ ಜಿಎಸ್‌ಟಿ ಕಾನೂನಿನಲ್ಲೇ ಇದೆ. ಜಿಎಸ್‌ಟಿ ಕಲಿಸಲು ಹೊರಟವರಿಗೆ ಅದು ಗೊತ್ತಿರಲೇಬೇಕು.

ನಮ್ಮ ಪ್ರಕಟಣೆಯನ್ನು ಸರಿಮಾಡಲು ಬೇಕಾದದ್ದು ಒಂದೇ ಸಾಲಿನ ತಿದ್ದುಪಡಿ. ‘ಯಾವಾಗ ಸೇರಿದರೂ ಜೂನ್ 13ರ ರಾತ್ರಿಯವರೆಗೆ ವಾಪಸ್ ಕೇಳಬಹುದು, ಗೇಟ್‌ವೇ ಶುಲ್ಕ ಕಳೆದು ಹತ್ತು ದಿನದೊಳಗೆ ಹಣ ಖಾತೆಗೆ ಬರುತ್ತದೆ.’ ಅಷ್ಟು ಹೊತ್ತಿಗೆ ಮೂರು ತರಗತಿ ಮುಗಿದಿರುತ್ತವೆ, ಮೇ 18ಕ್ಕೆ ಕಟ್ಟಿದವರಿಗೂ ಜೂನ್ 5ಕ್ಕೆ ಕಟ್ಟಿದವರಿಗೂ ಒಂದೇ ನ್ಯಾಯ. ಪ್ರಕಟಣೆಯಲ್ಲಿ ಈ ಸಾಲು ಇಲ್ಲದಿದ್ದರೆ ಹಣ ಕಟ್ಟುವ ಮುಂಚೆ ಒಂದು ಮೆಸೇಜು ಹಾಕಿ: ‘ಸರ್, ಏಳು ದಿನ ಎಂದರೆ ಯಾವ ದಿನದಿಂದ?’ ಬಂದ ಉತ್ತರವನ್ನು ಪ್ರಕಟಣೆಯ ಸ್ಕ್ರೀನ್‌ಶಾಟಿನ ಜೊತೆ ಉಳಿಸಿಕೊಳ್ಳಿ. ಉತ್ತರ ಬಾರದಿದ್ದರೆ ನಿಮ್ಮ 5,310 ರೂಪಾಯಿ ನಿಮ್ಮ ಹತ್ತಿರವೇ ಇರಲಿ.