ಮೊದಲ ಫೋನಿನಲ್ಲೇ ‘ಎಕ್ಸ್‌ಪೆಕ್ಟೇಶನ್ ಎಷ್ಟು ಸರ್?’

ಬೆಂಗಳೂರಿನ ಐಟಿ ಕಂಪನಿಗಳಿಗೆ ಅರ್ಜಿ ಹಾಕಿದವರಿಗೆ ಈ ಫೋನು ಚಿರಪರಿಚಿತ. ಕೆಲಸ ಏನೆಂದು ವಿವರಿಸುವ ಮೊದಲೇ ಮೂರು ಪ್ರಶ್ನೆ ಬಂದುಬಿಡುತ್ತವೆ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ?

ಕೇಳುವವರಿಗೆ ಇದು ಜರಡಿ. ಹುದ್ದೆಯ ಬಜೆಟ್ ಸಾಮಾನ್ಯವಾಗಿ ಮೊದಲೇ ತೀರ್ಮಾನವಾಗಿರುತ್ತದೆ. ಅದನ್ನು ಮೀರಿದವರನ್ನು ಸಂದರ್ಶನಕ್ಕೆ ಕಳಿಸಿ ಪ್ರಯೋಜನವಿಲ್ಲ. ತೊಂದರೆ ಏನೆಂದರೆ, ಆಗ ಬಾಯಿಗೆ ಬಂದಂತೆ ಹೇಳಿದ ಅಂಕಿ ಅವರ ಎಕ್ಸೆಲ್ ಶೀಟಿನಲ್ಲಿ ಉಳಿದುಹೋಗುತ್ತದೆ. ನಾಲ್ಕು ಸುತ್ತು ಗೆದ್ದು ಬಂದ ಮೇಲೂ ಮಾತು ಶುರುವಾಗುವುದು ಅಲ್ಲಿಂದಲೇ.

ಆ ಅಂಕಿಯೊಳಗೆ ಏನೇನಿದೆ ಎಂಬುದೂ ಮುಖ್ಯ. ನಿಮ್ಮ ಸಿಟಿಸಿ 12 ಲಕ್ಷ, ಬೇಸಿಕ್ ಅದರ ಶೇ. 40, ವೇರಿಯಬಲ್ ಶೇ. 10 ಎಂದುಕೊಳ್ಳಿ. ವೇರಿಯಬಲ್ಲಿನ 1.2 ಲಕ್ಷ, ಕಂಪನಿ ಕಟ್ಟುವ ಪಿಎಫ್ (ಬೇಸಿಕ್‌ನ ಶೇ. 12) ಮತ್ತು ಗ್ರಾಚ್ಯುಟಿ (ಶೇ. 4.81) ಕಳೆದರೆ, ತಿಂಗಳು ತಿಂಗಳು ಖಚಿತವಾಗಿ ಬರುವ ಸಂಬಳ ವರ್ಷಕ್ಕೆ 10 ಲಕ್ಷದಷ್ಟು. ‘14 ಲಕ್ಷ ಬೇಕು’ ಎಂದಿರಿ, ಅವರೂ ಒಪ್ಪಿದರು. ಆದರೆ ಅಲ್ಲಿ ವೇರಿಯಬಲ್ ಶೇ. 20. ಬೇಸಿಕ್ ಅದೇ ಪ್ರಮಾಣದಲ್ಲಿದ್ದರೆ ಖಚಿತ ಸಂಬಳ ಸುಮಾರು 10.26 ಲಕ್ಷ. ಕಾಗದದ ಮೇಲೆ ಎರಡು ಲಕ್ಷ ಏರಿದರೂ ತಿಂಗಳಿಗೆ ಹೆಚ್ಚಾಗುವುದು 2,200 ರೂಪಾಯಿ, ಅದೂ ತೆರಿಗೆಗೆ ಮುಂಚೆ!

ಹಾಗಾಗಿ ಮೊದಲು ಪ್ರಶ್ನೆಯನ್ನೇ ತಿರುಗಿಸಿ: “ಮೇಡಂ, ಈ ಪೊಸಿಷನ್‌ಗೆ ಬಜೆಟ್ ಎಷ್ಟಿದೆ, ಅದರಲ್ಲಿ ಫಿಕ್ಸೆಡ್ ಎಷ್ಟು ಅಂತ ಹೇಳ್ತೀರಾ? ನನಗೆ ಹೊಂದುತ್ತಾ ಇಲ್ವಾ ಈಗಲೇ ಹೇಳಿಬಿಡ್ತೀನಿ.” ಇಬ್ಬರ ಸಮಯವೂ ಉಳಿಯುವ ಮಾತಾದ್ದರಿಂದ ಎಷ್ಟೋ ಜನ ಉತ್ತರ ಕೊಡುತ್ತಾರೆ. ಬಜೆಟ್ ತೀರಾ ಕಡಿಮೆಯಿದ್ದರೆ ಅಲ್ಲಿಗೇ ಮುಗಿಸಬಹುದು.

“ಫಾರ್ಮ್ ತುಂಬಲೇಬೇಕು ಸರ್” ಎಂದು ಪಟ್ಟು ಹಿಡಿದರೆ ಎಳೆದಾಡಬೇಡಿ, ಕರೆ ಅಲ್ಲೇ ನಿಲ್ಲಬಹುದು. ಆಗ ಫಿಕ್ಸೆಡ್ ಲೆಕ್ಕದಲ್ಲೇ ಹೇಳಿ: “ಫಿಕ್ಸೆಡ್ 13ರಿಂದ 15 ಲಕ್ಷ. ಕೆಲಸದ ಜವಾಬ್ದಾರಿ ನೋಡಿ ಅಂತಿಮ ಮಾಡೋಣ.” ಇಲ್ಲಿ 13 ಎಂಬುದು ನಿಜಕ್ಕೂ ನೀವು ಒಪ್ಪುವ ಮೊತ್ತವಾಗಿರಲಿ, ಯಾಕೆಂದರೆ ಅವರ ಕಿವಿಗೆ ಮೊದಲು ಬೀಳುವುದೇ ಅದು. ಫೋನಿಟ್ಟ ಮೇಲೆ ಅದನ್ನೇ ಎರಡು ಸಾಲಿನಲ್ಲಿ ಮೇಲ್ ಮಾಡಿ. ‘ಫಿಕ್ಸೆಡ್’ ಎಂಬ ಪದ ಮುಂದಿನ ಸುತ್ತಿಗೆ ಹೋಗುವಷ್ಟರಲ್ಲಿ ಸುಲಭವಾಗಿ ಕಳೆದುಹೋಗುತ್ತದೆ.

ಈಗಿನ ಸಂಬಳದ ವಿಷಯದಲ್ಲಿ ಮಾತ್ರ ಸುಳ್ಳು ಬೇಡ. ಆಫರ್ ಹೊತ್ತಿಗೆ ಪೇ ಸ್ಲಿಪ್, ಫಾರ್ಮ್ 16 ಕೇಳುವುದು ವಾಡಿಕೆ. ಈಗಿನದು ಕಡಿಮೆ ಅನ್ನಿಸಿದರೆ ಇದ್ದದ್ದನ್ನು ಹೇಳಿ, ನಿರೀಕ್ಷೆಗೆ ಆಧಾರ ಹಳೆಯ ಸಂಬಳವಲ್ಲ, ಹೊಸ ಕೆಲಸ ಎಂದು ಅಲ್ಲೇ ಸ್ಪಷ್ಟಪಡಿಸಿ.