ಬಪ್ಪಂಗಾಯಿಯ ಹಾಲು, ಬಸುರಿಯ ಅಂಜಿಕೆ

ಕಾಪು, ಕಾರ್ಕಳದ ಕಡೆ ಹಿತ್ತಲಲ್ಲಿ ಬಪ್ಪಂಗಾಯಿ ಗಿಡವಿಲ್ಲದ ಮನೆ ಕಡಿಮೆ. ಕಾಯಿಯಾದರೆ ಪಲ್ಯಕ್ಕೆ, ಸಾಂಬಾರಿಗೆ. ಹಣ್ಣಾದರೆ ಮಕ್ಕಳ ಕೈಗೆ. ಆದರೆ ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ಮನೆಯ ಮಾತು ಬದಲಾಗುತ್ತದೆ: “ಅದು ಉಷ್ಣ ಮಾರಾಯ್ತಿ, ಮುಟ್ಟಬೇಡ.” ಉಡುಪಿಗೋ ಮಣಿಪಾಲಕ್ಕೋ ತಪಾಸಣೆಗೆ ಹೋದಾಗ ಡಾಕ್ಟರು “ಚೆನ್ನಾಗಿ ಹಣ್ಣಾದದ್ದು ತಿನ್ನಬಹುದು” ಎಂದರೆ ಯಾರ ಮಾತು ಕೇಳುವುದು? ಇಬ್ಬರ ಮಾತಿನಲ್ಲೂ ಹುರುಳಿದೆ. ಅತ್ತೆಯ ಅಂಜಿಕೆ ಕಾಯಿಯದ್ದು, ಡಾಕ್ಟರ ಭರವಸೆ ಹಣ್ಣಿನದ್ದು. ಎರಡರ ನಡುವಿನ ವ್ಯತ್ಯಾಸವಿರುವುದು ಹಾಲಿನಲ್ಲಿ.

ಹಸಿ ಕಾಯಿಯ ಸಿಪ್ಪೆಗೆ ಚಾಕು ತಾಗಿಸಿದರೆ ಬಿಳಿ ಹಾಲು ತೊಟ್ಟಿಕ್ಕುತ್ತದೆ. ಕೈಗೆ ಹತ್ತಿದರೆ ತುರಿಸುತ್ತದೆ. ಇದರಲ್ಲಿ ಪಪೇನ್, ಕೈಮೋಪಪೇನ್ ಎಂಬ ಕಿಣ್ವಗಳಿವೆ. ಪ್ರೋಟೀನನ್ನು ಒಡೆಯುವುದೇ ಅವುಗಳ ಕೆಲಸ. ಬಲಿತ ಊರಕೋಳಿಯ ಮಾಂಸ ಬೇಗ ಬೇಯಲಿ ಎಂದು ಒಂದು ತುಂಡು ಕಾಯಿ ಹಾಕುವುದು ಇದೇ ಕಾರಣಕ್ಕೆ. ಕಾಯಿ ಹಣ್ಣಾಗುತ್ತಾ ಬಂದಂತೆ ಹಾಲು ಇಳಿಯುತ್ತದೆ. ಪೂರ್ತಿ ಹಣ್ಣಾದದ್ದರಲ್ಲಿ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ.

ಬಸುರಿ ಪಪ್ಪಾಯಿ ತಿನ್ನಬಾರದು ಎಂಬ ನಂಬಿಕೆಯನ್ನು ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲೆ ಪರೀಕ್ಷಿಸಿ, 2002ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್’ನಲ್ಲಿ ಪ್ರಕಟಿಸಿದರು. ಬಸುರಿ ಇಲಿಗಳಿಗೆ ಪಪ್ಪಾಯಿ ಹಣ್ಣು ಕೊಟ್ಟರೂ ಗರ್ಭದಲ್ಲಿ ಉಳಿದ ಮರಿಗಳ ಸಂಖ್ಯೆಯಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಇಲಿಯ ಗರ್ಭಕೋಶದ ಸ್ನಾಯುವಿಗೆ ಹಣ್ಣಿನ ರಸ ಸೋಕಿಸಿದಾಗಲೂ ಅದು ಸುಮ್ಮನಿತ್ತು. ಕಾಯಿಯ ಹಾಲು ಸೋಕಿಸಿದಾಗ ಮಾತ್ರ ಬಿಗಿಯಾಗಿ ಸೆಳೆಯಿತು. ಹೆರಿಗೆ ನೋವು ಬರಿಸಲು ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್ ಉಂಟುಮಾಡುವಂಥದ್ದೇ ಸೆಳೆತ ಅದು.

ಇದರಿಂದ ಒಂದು ತುತ್ತು ಕಾಯಿ ಪಲ್ಯಕ್ಕೆ ಗರ್ಭ ಇಳಿಯುತ್ತದೆ ಎಂದು ಹೇಳಲಾಗದು. ಅಲ್ಲಿ ಹಾಲು ನೇರವಾಗಿ ಸ್ನಾಯುವಿಗೆ ತಾಗಿತ್ತು. ತಿಂದದ್ದು ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುವ ದಾರಿಯೇ ಬೇರೆ. ಚೆನ್ನಾಗಿ ಕುದಿಸಿದರೆ ಕಿಣ್ವದ ಬಲವೂ ಕುಗ್ಗುತ್ತದೆ. ಆದರೆ ಪಪೇನ್ ಶಾಖವನ್ನು ಸಾಕಷ್ಟು ತಡೆದುಕೊಳ್ಳುವ ಕಿಣ್ವ. ಅರೆಬೆಂದ ಹೋಳಿನಲ್ಲಿ ಎಷ್ಟು ಉಳಿದಿದೆ ಎಂದು ಅಡುಗೆಮನೆಯಲ್ಲಿ ಅಳೆಯಲಾಗದು. ಬಸುರಿಯರ ಮೇಲೆ ಪ್ರಯೋಗ ಮಾಡಿ ನೋಡುವಂತೆಯೂ ಇಲ್ಲ. ಹಾಗಾಗಿ ಒಂಬತ್ತು ತಿಂಗಳೂ ಕಾಯಿ ಬೇಡ ಎನ್ನುವುದೇ ಕ್ಷೇಮ. ಹಸಿ ಕಾಯಿಯ ಸಲಾಡ್, ಪಪೇನ್ ಇರುವ ಜೀರ್ಣದ ಮಾತ್ರೆಗಳಿಗೂ ಈ ಮಾತು ಅನ್ವಯ.

ಎಡವುವುದು ಅರೆಹಣ್ಣಿನಲ್ಲಿ. ಸಂತೆಗೆ ಬರುವ ಪಪ್ಪಾಯಿಯನ್ನು ತುಸು ಹಳದಿ ತಿರುಗಿದೊಡನೆ ಕೊಯ್ದಿರುತ್ತಾರೆ. ಮೇಲೆ ಹಳದಿ, ತೊಟ್ಟಿನ ಸುತ್ತ ಹಸಿರು, ಒತ್ತಿದರೆ ಗಟ್ಟಿ. ಮನೆಗೆ ತಂದು ಸಿಪ್ಪೆಯ ಮೇಲೆ ತೆಳ್ಳಗೆ ಗೀರಿ ನೋಡಿ. ಬಿಳಿ ಹಾಲು ಜಿನುಗಿದರೆ ಇನ್ನೂ ಆಗಿಲ್ಲ. ಪೇಪರಿನಲ್ಲಿ ಸುತ್ತಿ ಒಂದೆರಡು ದಿನ ಇಡಿ. ಹಣ್ಣಾದದ್ದು ತೊಟ್ಟಿನವರೆಗೂ ಹಳದಿಯಾಗಿ, ಬೆರಳಿಗೆ ಮೆದುವಾಗಿ, ಒಳಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಬೀಜವಿದ್ದರೆ ಕಪ್ಪಾಗಿರುತ್ತದೆ. ಬಿಳಿ ಬೀಜ, ಮಾಸಲು ತಿರುಳು ಕಂಡರೆ ಅದನ್ನು ಬೇರೆಯವರಿಗೆ ಬಿಡಿ. ಸಿಪ್ಪೆಯನ್ನು ದಪ್ಪಕ್ಕೆ ತೆಗೆದು ಬೀಜ ಎಸೆಯಿರಿ.

ಒಂದು ಮಾತು ಬೇಕರಿಯ ಬಗ್ಗೆ. ಕೇಕಿನಲ್ಲಿ ಹಾಕುವ ಕೆಂಪು, ಹಸಿರು ಟೂಟಿ ಫ್ರೂಟಿ ಕೂಡ ಸಾಮಾನ್ಯವಾಗಿ ಪಪ್ಪಾಯಿ ಕಾಯಿಯದ್ದೇ. ನೀರಿನಲ್ಲಿ ಬೇಯಿಸಿ, ಸಕ್ಕರೆ ಪಾಕದಲ್ಲಿ ನೆನೆಸಿದ ಸಣ್ಣ ಸಣ್ಣ ಹೋಳುಗಳವು. ತಿಳಿಯದೆ ಒಂದು ತುಂಡು ಕೇಕ್ ತಿಂದದ್ದಕ್ಕೆ ರಾತ್ರಿಯೆಲ್ಲ ನಿದ್ದೆಗೆಡಬೇಕಿಲ್ಲ.

ಹಣ್ಣಿಗೂ ಮಿತಿಯಿದೆ. ಗರ್ಭಿಣಿಯಲ್ಲಿ ಸಕ್ಕರೆ ಅಂಶ ಏರಿದ್ದರೆ ಎಷ್ಟು ತಿನ್ನಬಹುದೆಂದು ಡಾಕ್ಟರಲ್ಲೋ ಆಹಾರತಜ್ಞರಲ್ಲೋ ಕೇಳಿಕೊಳ್ಳಬೇಕು. ರಬ್ಬರ್ ಕೈಗವಸು, ಬಲೂನು ತಾಗಿದರೆ ದದ್ದು ಏಳುವವರಿಗೆ ಪಪ್ಪಾಯಿಯೂ ಒಗ್ಗದಿರಬಹುದು. ತಿಂದೊಡನೆ ತುಟಿ, ಗಂಟಲು ತುರಿಸಿದರೆ ಬಿಟ್ಟುಬಿಡಬೇಕು.

ಇನ್ನು, ಎರಡನೇ ತಿಂಗಳಲ್ಲಿ ಹಣ್ಣು ತಿಂದ ಹುಡುಗಿಗೆ ವಾರದೊಳಗೆ ಗರ್ಭ ಇಳಿಯಿತು ಎಂದಿಟ್ಟುಕೊಳ್ಳಿ. ಊರೆಲ್ಲ ಪಪ್ಪಾಯಿಯ ಕಡೆ ಬೆರಳು ತೋರಿಸುತ್ತದೆ. ಆದರೆ ಮೊದಲ ಮೂರು ತಿಂಗಳಲ್ಲಿ ನಿಲ್ಲದ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಅದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತದೆ. ಆಮೇಲೆ ತಿಂದ ಹಣ್ಣು ಅದನ್ನು ತರುವುದೂ ಇಲ್ಲ, ತಪ್ಪಿಸುವುದೂ ಇಲ್ಲ. ರಕ್ತ ಕಂಡರೆ, ಹೊಟ್ಟೆ ಹಿಂಡಿದರೆ ಏನು ತಿಂದೆ ಎಂದು ವಿಚಾರಿಸುತ್ತಾ ಕೂರದೆ ತಾಯಿ ಕಾರ್ಡ್ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಬೇಕು.