ದೂರದ ಆವರಣದ ರಿಂಗ್ ಮೇನ್ ಘಟಕ: ರಿಲೇ ಮಟ್ಟದ ಒಂದು ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಊರಾಚೆಯ ವಿದ್ಯಾಲಯವೊಂದಕ್ಕೆ 11 ಕಿಲೋವೋಲ್ಟ್ ವಿದ್ಯುತ್ತು ಹಲವು ಕಿಲೋಮೀಟರು ಕಂಬದ ತಂತಿಯ ಮೇಲೆ ಬರಬೇಕಾಗಬಹುದು. ಈ ದೂರವು ರಕ್ಷಣೆಯ ಲೆಕ್ಕವನ್ನು ಹೇಗೆ ಬದಲಿಸುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ಕೊಟ್ಟೂರಿನ ಸಮೀಪದ ಆವರಣವೊಂದರಲ್ಲಿ 500 ಕೆವಿಎ ಸಾಮರ್ಥ್ಯದ ಎರಡು ಟ್ರಾನ್ಸ್‌ಫಾರ್ಮರುಗಳಿವೆಯೆಂದು ಭಾವಿಸೋಣ. ಪ್ರತಿಯೊಂದರ ಬಳಿಯೂ ಒಂದು ರಿಂಗ್ ಮೇನ್ ಘಟಕ. ಅದರಲ್ಲಿ ಕೇಬಲುಗಳಿಗಾಗಿ ಎರಡು ಸ್ವಿಚ್ಚು, ಟ್ರಾನ್ಸ್‌ಫಾರ್ಮರಿಗಾಗಿ ಒಂದು ಬ್ರೇಕರು. ಮಾಪಕದ ಪೆಟ್ಟಿಗೆಯಿಂದ ಎರಡು ಘಟಕಗಳಿಗೂ ಕೇಬಲು ಹೋಗಿ, ಮೂರನೆಯ ಕೇಬಲು ಅವೆರಡನ್ನೂ ಕೂಡಿಸುತ್ತದೆ. ಆದರೆ ಈ ವರ್ತುಲವನ್ನು ಒಂದೆಡೆ ತೆರೆದೇ ಇಡಬೇಕು. ಮುಚ್ಚಿದರೆ ದೋಷಸ್ಥಳಕ್ಕೆ ಎರಡು ಕಡೆಯಿಂದಲೂ ಪ್ರವಾಹ ಹರಿಯುವುದು; ದಿಕ್ಕನ್ನರಿಯದ ಸಾಮಾನ್ಯ ರಿಲೇಗೆ ಯಾವ ಕೇಬಲು ಕೆಟ್ಟಿತೆಂದು ತಿಳಿಯದು.

ಘಟಕದ ಫಲಕದಲ್ಲಿ 12 ಕಿಲೋವೋಲ್ಟ್, 630 ಆಂಪಿಯರ್, 20 ಕಿಲೋ ಆಂಪಿಯರ್ ಎಂಬಂತಹ ಅಂಕಿಗಳಿರುತ್ತವೆ. ಕೊನೆಯದು ಘಟಕವು ತಾಳಬಲ್ಲ ಪ್ರವಾಹವೇ ಹೊರತು ಅಲ್ಲಿ ಹರಿಯುವ ಪ್ರವಾಹವಲ್ಲ. ಎಡವುವುದು ಇಲ್ಲಿಯೇ.

ಟ್ರಾನ್ಸ್‌ಫಾರ್ಮರಿನ ಪೂರ್ಣಭಾರದ ಪ್ರವಾಹ 11 ಕಿಲೋವೋಲ್ಟ್ ಕಡೆಯಲ್ಲಿ ಸುಮಾರು 26 ಆಂಪಿಯರ್. ಇಂಪೀಡೆನ್ಸ್ ಶೇಕಡಾ 4.5. ಮೂಲವು ಅನಂತಬಲದ್ದೆಂದು ಎಣಿಸಿದರೆ, ಕೆಳವೋಲ್ಟೇಜಿನ ಬದಿಯ ಷಾರ್ಟ್ ಸರ್ಕ್ಯೂಟಿಗೆ ಮೇಲಿನ ಬದಿಯಲ್ಲಿ 583 ಆಂಪಿಯರ್ ಹರಿಯಬೇಕು. ಆ ದೋಷವನ್ನು ಕೆಳಗಿನ ಬ್ರೇಕರಿಗೇ ಬಿಡಲು, ತತ್‌ಕ್ಷಣದ ರಿಲೇಯನ್ನು ಅದರ 1.3 ಪಟ್ಟಿಗೆ, ಎಂದರೆ 758ಕ್ಕೆ, ಇಡುವುದು ರೂಢಿ.

ಈಗ ತಂತಿಯನ್ನೂ ಎಣಿಸೋಣ. 15 ಕಿಲೋಮೀಟರಿನ ‘ರ್‍ಯಾಬಿಟ್’ ತಂತಿಗೆ ಕಿಲೋಮೀಟರಿಗೆ ಸುಮಾರು 0.55 ಓಂ ರೋಧ, 0.35 ಓಂ ರಿಯಾಕ್ಟೆನ್ಸ್. ಉಪಕೇಂದ್ರದ ಷಾರ್ಟ್ ಸರ್ಕ್ಯೂಟ್ ಬಲ 100 ಎಂವಿಎ ಎಂದಿಟ್ಟುಕೊಂಡರೆ ಅದರ ಪಾಲು 1.2 ಓಂ. ಒಟ್ಟು ಸುಮಾರು 10.5 ಓಂ. ಆಗ ಟ್ರಾನ್ಸ್‌ಫಾರ್ಮರಿನ ಮೇಲ್ಬದಿಯ ತುದಿಯಲ್ಲೇ ಮೂರು ಫೇಸುಗಳೂ ಕೂಡಿಕೊಂಡರೂ ಹರಿಯುವುದು 606 ಆಂಪಿಯರ್ ಮಾತ್ರ. 758ಕ್ಕಿಟ್ಟ ರಿಲೇ ಎಂದಿಗೂ ಕೆಲಸಮಾಡದು!

ನಿಧಾನದ ರಿಲೇ ಇದೆಯಲ್ಲ ಎನ್ನಬಹುದು. ಇದೆ, ಆದರೆ ಕೆಳಗಿನ ಬ್ರೇಕರಿಗೆ ಅವಕಾಶ ಕೊಡುವಂತೆ, 32 ಆಂಪಿಯರಿನಲ್ಲಿ 0.2ರ ಕಾಲಗುಣಕಕ್ಕೆ ಇಟ್ಟರೆ ಅದು 606 ಆಂಪಿಯರಿಗೆ 0.46 ಸೆಕೆಂಡು ತೆಗೆದುಕೊಳ್ಳುತ್ತದೆ. ಉಪಕೇಂದ್ರದ ರಿಲೇ 200 ಆಂಪಿಯರ್, 0.1 ಗುಣಕದಲ್ಲಿದ್ದರೆ ಅದರ ಕಾಲ 0.62 ಸೆಕೆಂಡು. ನಡುವೆ ಸುಮಾರು 0.3 ಸೆಕೆಂಡು ಬೇಕಾದಲ್ಲಿ ಉಳಿದದ್ದು 0.16. ಹಲ್ಲಿಯೊಂದು ಕೇಬಲಿನ ಪೆಟ್ಟಿಗೆಗೆ ಹೊಕ್ಕ ದಿನ ಆವರಣದೊಡನೆ ಆ ಮಾರ್ಗದ ಹಳ್ಳಿಗಳೂ ಕತ್ತಲಾಗಬಹುದು. ಪರೀಕ್ಷಕನಿಗೆ ಗುರುತು ಇದು: ಆವರಣದಲ್ಲಿ ನಿಧಾನದ ರಿಲೇಯ ಸೂಚಕ ಮಾತ್ರ ಬಿದ್ದಿರುತ್ತದೆ, ಉಪಕೇಂದ್ರದ ಬ್ರೇಕರೂ ತೆರೆದಿರುತ್ತದೆ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ತಂತಿಯನ್ನು ಸೇರಿಸಿದರೆ ಕೆಳಬದಿಯ ದೋಷಕ್ಕೆ ಮೇಲ್ಬದಿಯಲ್ಲಿ ಹರಿಯುವುದು 583 ಅಲ್ಲ, 323, ಅದರ 1.3 ಪಟ್ಟು 420. ಮೇಲ್ಬದಿಯ ತುದಿಯಲ್ಲಿ ಎರಡೇ ಫೇಸುಗಳ ದೋಷಕ್ಕೆ 525 ಹರಿಯುವುದರಿಂದ 420ಕ್ಕಿಟ್ಟ ರಿಲೇ ಅದನ್ನು ಕೂಡಲೇ ಕಾಣುತ್ತದೆ. ಟ್ರಾನ್ಸ್‌ಫಾರ್ಮರನ್ನು ಚಾಲೂ ಮಾಡಿದಾಗ ನುಗ್ಗುವ ಪ್ರವಾಹ ಪೂರ್ಣಭಾರದ ಹತ್ತು ಪಟ್ಟಾದರೂ 260ನ್ನು ಮೀರದು. ಆದರೆ ಮುಂದೆ ಹತ್ತಿರದಲ್ಲಿ ಹೊಸ ಉಪಕೇಂದ್ರ ಬಂದು ತಂತಿ ಮೂರು ಕಿಲೋಮೀಟರಿಗೆ ಇಳಿದರೆ, ಕೆಳಬದಿಯ ದೋಷಕ್ಕೇ 420ನ್ನು ಮೀರಿದ ಪ್ರವಾಹ ಬರುವುದು. ಅಂದು ಈ ಅಂಕಿಯನ್ನು ಮರುಲೆಕ್ಕ ಮಾಡದೆ ಬಿಡಕೂಡದು.